ಮದುವೆ ಪತ್ರದಲ್ಲಿ ‘ಹೆಚ್.ಆರ್.’, ಪಾಸ್‌ಪೋರ್ಟ್‌ನಲ್ಲಿ HULIKAL RANGAPPA: ಅನುವಾದದಲ್ಲಿ ಯಾವುದು?

ಪ್ರಶ್ನೆ: ಕೆನಡಾದ ಕಾಯಂ ವಾಸದ ಅರ್ಜಿಗಾಗಿ ನನ್ನ ಜನನ ಪತ್ರವನ್ನೂ ನಮ್ಮ ಮದುವೆ ನೋಂದಣಿ ಪತ್ರವನ್ನೂ ಇಂಗ್ಲಿಷಿಗೆ ಅನುವಾದ ಮಾಡಿಸಬೇಕಾಗಿದೆ. ಜನನ ಪತ್ರದಲ್ಲಿ ನನ್ನ ಹೆಸರು ‘ಮಂಜುನಾಥ’ ಎಂದಷ್ಟೇ ಇದೆ. ತಂದೆಯ ಹೆಸರಿನ ಕಡೆ ‘ರಂಗಪ್ಪ ಬಿನ್ ಲೇಟ್ ತಿಮ್ಮಯ್ಯ’ ಎಂದಿದೆ. ಮದುವೆ ಪತ್ರದಲ್ಲಿ ನಾನು ‘ಹೆಚ್.ಆರ್. ಮಂಜುನಾಥ್’, ಹೆಂಡತಿ ‘ಸವಿತ ಟಿ.’. ನನ್ನ ಪಾಸ್‌ಪೋರ್ಟ್‌ನಲ್ಲಿ ಗಿವನ್ ನೇಮ್ MANJUNATHA, ಸರ್‌ನೇಮ್ HULIKAL RANGAPPA. ಹೆಂಡತಿಯದರಲ್ಲಿ SAVITHA ಎಂಬ ಒಂದೇ ಹೆಸರು, ಸರ್‌ನೇಮ್ ಖಾಲಿ. ಅನುವಾದಕರು ಎಲ್ಲ ಕಡೆಯೂ ಪಾಸ್‌ಪೋರ್ಟ್ ಹೆಸರನ್ನೇ ಹಾಕಿಕೊಡುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ? — ಓದುಗರು, ತುಮಕೂರು

ಉತ್ತರ: ಒಪ್ಪಬೇಡಿ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಅನುವಾದದ ಕೊನೆಗೆ ‘ಇದು ಮೂಲಕ್ಕೆ ನಿಷ್ಠವಾದ, ಪೂರ್ಣವಾದ ಅನುವಾದ’ ಎಂದು ಬರೆದು ಸಹಿ ಹಾಕುವವರು ಅವರೇ. ಮೂಲ ಕನ್ನಡ ಪತ್ರದ ಪ್ರತಿಯೂ ಅದೇ ಕಡತದಲ್ಲಿ ಇರುತ್ತದೆ. ಅಲ್ಲಿ ಎರಡು ಇನಿಷಿಯಲ್ ಇದ್ದು ಇಲ್ಲಿ ಎರಡು ಪೂರ್ಣ ಪದಗಳು ಬಂದಿವೆ ಎಂಬುದನ್ನು ಕಾಣಲು ಕನ್ನಡ ಬರಬೇಕೆಂದೇನೂ ಇಲ್ಲ. ಅಕ್ಷರಗಳ ಉದ್ದ ನೋಡಿದರೆ ಸಾಕು. ಒಂದು ಕಡೆ ಅನುಮಾನ ಹುಟ್ಟಿತೆಂದರೆ ಮಿಕ್ಕ ಪತ್ರಗಳನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ.

ನಾನು ಅನುಸರಿಸುವ ನಿಯಮ ಇಷ್ಟು: ಹೆಸರಿನ ಸ್ಪೆಲಿಂಗ್ ಪಾಸ್‌ಪೋರ್ಟ್‌ನಿಂದ ಬರಬೇಕು, ಹೆಸರಿನ ತುಂಡುಗಳು ಮೂಲ ಪತ್ರದಿಂದ ಬರಬೇಕು. ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ನಿಮ್ಮ ಮೂರೂ ತೊಡಕುಗಳು ಬಿಡಿಸಿಕೊಳ್ಳುತ್ತವೆ.

ಮೊದಲು ಸ್ಪೆಲಿಂಗ್. ‘ಸವಿತ’ವನ್ನು ಇಂಗ್ಲಿಷಿನಲ್ಲಿ Savita ಎಂದೂ ಬರೆಯಬಹುದು, Savitha ಎಂದೂ ಬರೆಯಬಹುದು. ಟಕಾರಕ್ಕೆ ಬರಿಯ t, ತಕಾರಕ್ಕೆ h ಸೇರಿಸಿದ th ಬರೆಯುವುದು ದಕ್ಷಿಣದವರ ರೂಢಿ. ಉತ್ತರದ ಕಡೆಯವರಿಗೆ ಇದು ಥಕಾರದಂತೆ ಕಾಣುತ್ತದೆ, ಅಷ್ಟೇ. ಹಾಗೆಯೇ ಅಯ್ಯ ಎಂಬುದು aiah ಆಗುತ್ತದೆ, ayya ಕೂಡ ಆಗುತ್ತದೆ. ಗೌಡ ಎಂಬುದು Gowda, Gouda ಎರಡೂ ಆಗುತ್ತದೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಒಂದೇ ಕನ್ನಡ ಪದಕ್ಕೆ ಹಲವು ಇಂಗ್ಲಿಷ್ ರೂಪಗಳು ಸಾಧ್ಯವಿರುವಾಗ, ಆ ವ್ಯಕ್ತಿ ಅಧಿಕೃತವಾಗಿ ಬಳಸುತ್ತಿರುವ ರೂಪವನ್ನು ಆರಿಸಿಕೊಳ್ಳುವುದು ಅನುವಾದಕರ ಹಕ್ಕು. ಕರ್ತವ್ಯವೂ ಹೌದು ಎನ್ನುತ್ತೇನೆ. ಪಾಸ್‌ಪೋರ್ಟ್ ನೋಡದೆ ತಮಗೆ ತೋಚಿದಂತೆ Savita ಎಂದು ಬರೆದುಕೊಡುವವರು ಶುದ್ಧ ಲಿಪ್ಯಂತರ ಮಾಡಿದೆವೆಂದು ಬೀಗಬಹುದು. ಅರ್ಜಿದಾರರಿಗೆ ಮಾತ್ರ ಅದರಿಂದ ತೊಂದರೆ. ಅನುವಾದಕ್ಕೆ ಕೊಡುವಾಗಲೇ ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟಗಳ ಪ್ರತಿಯನ್ನು ಜೊತೆಗೆ ಕೊಡಿ ಎಂದು ನಾನು ಹೇಳುವುದು ಇದಕ್ಕಾಗಿ. ಕೊನೆಯ ಪುಟದಲ್ಲಿ ತಂದೆ, ತಾಯಿ, ಸಂಗಾತಿಯ ಹೆಸರುಗಳಿರುತ್ತವೆ. ನಿಮ್ಮ ತಂದೆಯವರ ಹೆಸರಿನ ಸ್ಪೆಲಿಂಗ್ ಬರಬೇಕಾದ್ದು ಅಲ್ಲಿಂದ.

ಪದಗಳ ನಡುವಿನ ಜಾಗವೂ ಸ್ಪೆಲಿಂಗಿನ ಲೆಕ್ಕಕ್ಕೇ ಸೇರುತ್ತದೆ. ಕನ್ನಡದಲ್ಲಿ ‘ರಾಮಕೃಷ್ಣ’ ಒಂದೇ ಪದ. ಪಾಸ್‌ಪೋರ್ಟ್‌ನಲ್ಲಿ RAMA KRISHNA ಎಂದು ಬಿಡಿಸಿ ಬರೆದಿದ್ದರೆ ಅನುವಾದದಲ್ಲೂ ಬಿಡಿಸಿ ಬರೆಯಬೇಕು.

ನಿಮ್ಮ ಮದುವೆ ಪತ್ರದ ‘ಮಂಜುನಾಥ್’ ಗಡಿಯ ಮೇಲೆ ನಿಂತಿರುವ ಪ್ರಕರಣ. ಕನ್ನಡದಲ್ಲೇ ವ್ಯಂಜನಾಂತವಾಗಿ ಬರೆದಿರುವುದರಿಂದ Manjunath ಎಂದೇ ಬರೆಯಬೇಕು ಎಂದು ಹಟ ಹಿಡಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಕಚೇರಿಗಳಲ್ಲಿ ಒಬ್ಬನದೇ ಹೆಸರನ್ನು ಒಂದು ಸಾಲಿನಲ್ಲಿ ಮಂಜುನಾಥ, ಮುಂದಿನ ಸಾಲಿನಲ್ಲಿ ಮಂಜುನಾಥ್ ಎಂದು ಬರೆಯುವುದು ಮಾಮೂಲು. ಅದು ಬರೆದ ಗುಮಾಸ್ತರ ರೂಢಿಯೇ ಹೊರತು ಬೇರೆ ಹೆಸರಲ್ಲ. ಪಾಸ್‌ಪೋರ್ಟ್‌ನಂತೆ Manjunatha ಎಂದು ಬರೆದು, ‘ವ್ಯಕ್ತಿಗಳ ಹೆಸರಿನ ಸ್ಪೆಲಿಂಗನ್ನು ಅವರ ಪಾಸ್‌ಪೋರ್ಟ್‌ಗೆ ಅನುಗುಣವಾಗಿ ಬರೆಯಲಾಗಿದೆ’ ಎಂಬ ಅರ್ಥದ ಒಂದು ಸಾಲನ್ನು ಅನುವಾದದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಸೇರಿಸಿದರೆ ಸಾಕು. ಆದರೆ ಒಂದು ಕಡೆ ‘ಸವಿತ’, ಇನ್ನೊಂದು ಕಡೆ ‘ಸವಿತಮ್ಮ’ ಎಂದಿದ್ದರೆ ಅದು ಸ್ಪೆಲಿಂಗಿನ ಮಾತಲ್ಲ. ‘ಅಮ್ಮ’ ಒಂದು ತುಂಡು. ಮೂಲದಲ್ಲಿದ್ದರೆ ಅನುವಾದದಲ್ಲೂ ಇರಬೇಕು, ಪಾಸ್‌ಪೋರ್ಟ್ ಏನೇ ಹೇಳಲಿ.

ಇನ್ನು ಇನಿಷಿಯಲ್‌ಗಳು. ಇವುಗಳನ್ನು ಅನುವಾದಕರು ಬಿಡಿಸಿ ಬರೆಯಬಾರದು ಎಂದು ನಾನು ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. ನಮ್ಮ ಕಡೆಯ ಇನಿಷಿಯಲ್‌ಗೆ ಒಂದೇ ಅರ್ಥವಿಲ್ಲ. ಎಚ್.ಡಿ. ದೇವೇಗೌಡರ ಹೆಸರು ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ: ಊರು, ತಂದೆ, ಆಮೇಲೆ ಸ್ವಂತ ಹೆಸರು. ಅವರಂತೆಯೇ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರದು ಸೋಮಪ್ಪ ರಾಯಪ್ಪ ಬೊಮ್ಮಾಯಿ: ಮೊದಲ ಇನಿಷಿಯಲ್ಲೇ ಸ್ವಂತ ಹೆಸರು, ಎರಡನೆಯದು ತಂದೆ, ಪೂರ್ತಿ ಬರೆದಿರುವುದು ಅಡ್ಡಹೆಸರು. ವಿಜ್ಞಾನಿ ಸಿ.ಎನ್.ಆರ್. ರಾವ್ ಅವರದು ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. ಇಲ್ಲಿ ಸ್ವಂತ ಹೆಸರು ಮೂರನೆಯ ಇನಿಷಿಯಲ್‌ನೊಳಗೆ ಅಡಗಿದೆ. ಗಡಿ ದಾಟಿದರೆ ಇನ್ನೂ ಬೇರೆ: ಪಿ.ವಿ. ನರಸಿಂಹ ರಾವ್ ಅವರ ‘ಪಿ’ ಪಾಮುಲಪರ್ತಿ ಎಂಬ ಮನೆಹೆಸರು, ತಮಿಳುನಾಡಿನ ಎಂ. ಕರುಣಾನಿಧಿಯವರ ‘ಎಂ’ ಮುತ್ತುವೇಲ್ ಎಂಬ ತಂದೆಯ ಹೆಸರು. ಕಾಗದದ ಮೇಲೆ ಇವೆಲ್ಲವೂ ಒಂದೇ ತೆರನಾಗಿ ಕಾಣುತ್ತವೆ. ನಿಮ್ಮ ‘ಹೆಚ್’ ಹುಲಿಕಲ್ ಎಂಬುದು ನಿಮಗೆ ಗೊತ್ತು, ಮದುವೆ ಪತ್ರಕ್ಕೆ ಗೊತ್ತಿಲ್ಲ. ಪತ್ರಕ್ಕೆ ಗೊತ್ತಿಲ್ಲದ್ದನ್ನು ಅನುವಾದ ಹೇಳಬಾರದು.

ಹಾಗಾಗಿ ಮದುವೆ ಪತ್ರದ ಅನುವಾದದಲ್ಲಿ ನಿಮ್ಮಿಬ್ಬರ ಹೆಸರುಗಳು ಹೀಗೆ ಬರಬೇಕು:

```
H. R. Manjunatha
Savitha T.
```

ಇನಿಷಿಯಲ್ ಇರುವ ಜಾಗವನ್ನೂ ಗಮನಿಸಿ. ನಿಮ್ಮದು ಮುಂದಿದೆ, ಅವರದು ಹಿಂದಿದೆ. ಎರಡೂ ಒಂದೇ ಬಗೆಯಲ್ಲಿರಲಿ ಎಂದು Manjunatha H. R. ಎಂದು ತಿರುಗಿಸಬಾರದು. ನಿಮ್ಮ ಪತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಹೆಸರನ್ನೇ ಕನ್ನಡದಲ್ಲಿ ಬರೆದಿರುವುದರಿಂದ ಗೊಂದಲವಿಲ್ಲ. ಹಳೆಯ ಶಾಲಾ ದಾಖಲೆಗಳಲ್ಲಿ ‘ಹು.ರಂ.’ ಎಂಬಂತೆ ಕನ್ನಡ ಅಕ್ಷರಗಳ ಇನಿಷಿಯಲ್ ಇರುವುದುಂಟು. ಅಲ್ಲಿ ಪಾಸ್‌ಪೋರ್ಟ್ ಸ್ಪೆಲಿಂಗಿನ ಮೊದಲ ಅಕ್ಷರ ಹಿಡಿದು H. R. ಎನ್ನಬೇಕು, Hu. Ram. ಎಂದು ಬರೆದರೆ ಯಾವುದೋ ರಾಮ ಬಂದು ಕೂರುತ್ತಾನೆ. ‘ಜ್ಞಾ.’ ಎಂಬ ಇನಿಷಿಯಲ್ ಇದ್ದು ಪಾಸ್‌ಪೋರ್ಟ್‌ನಲ್ಲಿ GNANESH ಎಂದಿದ್ದರೆ G, JNANESH ಎಂದಿದ್ದರೆ J.

ಮೂಲಕ್ಕೂ ಪಾಸ್‌ಪೋರ್ಟ್‌ಗೂ ನಡುವಿನ ಅಂತರವನ್ನು ಹಾಗೆಯೇ ಬಿಡಬೇಕೇ? ಬೇಕಿಲ್ಲ. ಹೆಸರಿನ ಪಕ್ಕದಲ್ಲಿ ಚೌಕ ಆವರಣದೊಳಗೆ ಅನುವಾದಕರ ಟಿಪ್ಪಣಿ ಹಾಕಬಹುದು. ಅದರಲ್ಲಿ ಹೇಳಬೇಕಾದ್ದು ಎರಡೇ ಮಾತು: ಮೂಲದಲ್ಲಿ ಇನಿಷಿಯಲ್ ಮಾತ್ರ ಇದೆ, ಅನುವಾದಕ್ಕೆಂದು ತೋರಿಸಿದ ಪಾಸ್‌ಪೋರ್ಟ್‌ನಲ್ಲಿ ಹೆಸರು ಇಂತಿಂತಹ ರೂಪದಲ್ಲಿದೆ. ಅಲ್ಲಿಗೆ ನಿಲ್ಲಬೇಕು. ‘ಇವರಿಬ್ಬರೂ ಒಬ್ಬರೇ’ ಎಂದು ಅನುವಾದಕರು ಪ್ರಮಾಣ ಮಾಡುವಂತಿಲ್ಲ. ಅದು ಅವರಿಗೆ ತಿಳಿದ ವಿಷಯವೂ ಅಲ್ಲ, ಅವರ ಕೆಲಸವೂ ಅಲ್ಲ. ಆ ಮಾತನ್ನು ಹೇಳಬೇಕಾದವರು ನೀವು, ನೋಟರಿಯ ಮುಂದೆ ಅಫಿಡವಿಟ್ ಮಾಡಿ. ಅಫಿಡವಿಟ್‌ನಲ್ಲಿ ‘ಹೆಚ್ ಎಂದರೆ ನಮ್ಮ ಊರಾದ ಹುಲಿಕಲ್, ಆರ್ ಎಂದರೆ ತಂದೆ ರಂಗಪ್ಪ, ಮಂಜುನಾಥ, ಹೆಚ್.ಆರ್. ಮಂಜುನಾಥ್, ಪಾಸ್‌ಪೋರ್ಟ್‌ನಲ್ಲಿರುವ ವ್ಯಕ್ತಿ ಮೂವರೂ ನಾನೇ’ ಎಂದು ಬಿಡಿಸಿ ಹೇಳಿ. ರಂಗಪ್ಪ ಎಂಬುದಕ್ಕೆ ಪಾಸ್‌ಪೋರ್ಟ್‌ನ ಕೊನೆಯ ಪುಟವೂ ಜನನ ಪತ್ರವೂ ಸಾಕ್ಷಿ ನುಡಿಯುತ್ತವೆ. ಹುಲಿಕಲ್ ಎಂಬುದಕ್ಕೆ ಅಷ್ಟು ಸುಲಭದ ಸಾಕ್ಷಿ ಇರುವುದಿಲ್ಲ. ಜನನ ಪತ್ರದಲ್ಲಿ ಜನ್ಮಸ್ಥಳವಾಗಿಯೋ ತಂದೆಯ ವಿಳಾಸವಾಗಿಯೋ ಆ ಊರಿನ ಹೆಸರು ಇದ್ದರೆ ಅಫಿಡವಿಟ್‌ನಲ್ಲಿ ಅದನ್ನು ಉಲ್ಲೇಖಿಸಿ. ಅನುವಾದಕರು ಆ ಊರಿನ ಹೆಸರನ್ನೂ ಪಾಸ್‌ಪೋರ್ಟ್‌ನಲ್ಲಿರುವಂತೆ Hulikal ಎಂದೇ ಬರೆಯುವಂತೆ ನೋಡಿಕೊಳ್ಳಿ. ಒಂದು ಕಡೆ Hulikal, ಇನ್ನೊಂದು ಕಡೆ Hulical ಆದರೆ ಇದ್ದ ಒಂದು ಸಾಕ್ಷಿಯೂ ಕಳೆದುಹೋಗುತ್ತದೆ.

ಊರೂ ತಂದೆಯೂ ನಿಮ್ಮ ಸರ್‌ನೇಮ್‌ಗೆ ಹೇಗೆ ಬಂದರು ಎಂದರೆ, ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್‌ಗೆ ಅವಕಾಶವಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದ್ದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ನಮ್ಮವರು ಸರ್‌ನೇಮ್‌ಗೆ ಹಾಕುತ್ತಾರೆ. ಫಲವಾಗಿ ಪಾಸ್‌ಪೋರ್ಟ್‌ನ ಅಡಿಯಲ್ಲಿ ಯಂತ್ರ ಓದುವ 44 ಅಕ್ಷರಗಳ ಎರಡು ಸಾಲುಗಳಲ್ಲಿ ಮೊದಲನೆಯದು ನಿಮ್ಮದರಲ್ಲಿ ಹೀಗಿರುತ್ತದೆ:

```
P<INDHULIKAL<RANGAPPA<<MANJUNATHA<<<<<<<<<<<
```

ಎರಡು ಬಾಣದ ಗುರುತುಗಳ ಎಡಕ್ಕಿರುವುದು ಸರ್‌ನೇಮ್, ಬಲಕ್ಕಿರುವುದು ಗಿವನ್ ನೇಮ್. ಒಂದೇ ಬಾಣದ ಗುರುತು ಎಂದರೆ ಪದಗಳ ನಡುವಿನ ಜಾಗ. ವಿಮಾನ ನಿಲ್ದಾಣದ ಯಂತ್ರ ಓದುವುದು ಈ ಸಾಲನ್ನು. ಕೆನಡಾದಲ್ಲಿ ನಿಮ್ಮನ್ನು ಮಿಸ್ಟರ್ ಹುಲಿಕಲ್ ರಂಗಪ್ಪ ಎಂದು ಕರೆಯುತ್ತಾರೆ. ಹೊರದೇಶದಲ್ಲಿ ತಂದೆಯ ಹೆಸರು ಹಿಡಿದು ಕರೆಸಿಕೊಳ್ಳುವ ಕನ್ನಡಿಗರು ಬೇಕಾದಷ್ಟು ಮಂದಿ ಇದ್ದಾರೆ, ಅದಕ್ಕೆ ಒಗ್ಗಿಕೊಳ್ಳಬಹುದು. ಅರ್ಜಿ, ಟಿಕೆಟ್, ಬ್ಯಾಂಕು, ಎಲ್ಲ ಕಡೆಯೂ ಈ ವಿಭಜನೆಯನ್ನೇ ಉಳಿಸಿಕೊಳ್ಳಿ. ಅನುವಾದದಲ್ಲಿ ಮಾತ್ರ ಈ ವಿಭಜನೆಗೆ ಜಾಗವಿಲ್ಲ. ಮೂಲದಲ್ಲಿ ‘ಹೆಸರು’ ಎಂದು ಒಂದೇ ಕಾಲಂ ಇದ್ದರೆ ಅನುವಾದದಲ್ಲೂ ಒಂದೇ ಕಾಲಂ ಇರಬೇಕು. ಅದನ್ನು ಸರ್‌ನೇಮ್, ಗಿವನ್ ನೇಮ್ ಎಂದು ಎರಡು ಮಾಡಿಕೊಟ್ಟ ಅನುವಾದಗಳನ್ನು ನೋಡಿದ್ದೇನೆ. ಹಾಗೆ ಮಾಡಿದ್ದರೆ ತಿದ್ದಿಸಿ.

ಜನನ ಪತ್ರದ ವಿಷಯ ಸರಳ. ನಿಮ್ಮ ಹೆಸರು Manjunatha, ಅಷ್ಟೇ. ತಂದೆಯ ಸಾಲಿನಲ್ಲಿ ಒಂದು ಹಳ್ಳವಿದೆ. ‘ಬಿನ್’ ಎಂದರೆ ಇಂಥವರ ಮಗ ಎಂದು ನಮಗೆಲ್ಲ ಗೊತ್ತು. ಪಹಣಿಯಿಂದ ಹಿಡಿದು ಕ್ರಯಪತ್ರದವರೆಗೆ ಕಂದಾಯದ ಕಾಗದಗಳಲ್ಲೆಲ್ಲ ಇದೆ. ಅದನ್ನು Rangappa Bin Late Thimmaiah ಎಂದು ಹಾಗೆಯೇ ಇಳಿಸಿಬಿಟ್ಟರೆ ಓದುವ ಅಧಿಕಾರಿಗೆ ಅದು ನಾಲ್ಕು ಪದಗಳ ಒಂದು ಹೆಸರು. ಅರಬ್ ಹೆಸರುಗಳಲ್ಲಿ ‘ಬಿನ್’ ಹೆಸರಿನ ಭಾಗವೇ ಆಗಿರುವುದರಿಂದ ಅವರ ಊಹೆ ಅಸಹಜವೂ ಅಲ್ಲ. ‘ಕೋಂ’ ಇನ್ನೂ ಕೆಟ್ಟದ್ದು. ಇಂಥವರ ಹೆಂಡತಿ ಎಂಬ ಅರ್ಥ ಹೊರಗಿನವರಿಗೆ ಹೊಳೆಯುವ ಸಾಧ್ಯತೆಯೇ ಇಲ್ಲ. ಇವು ಹೆಸರಿನ ತುಂಡುಗಳಲ್ಲ, ಸಂಬಂಧ ಹೇಳುವ ಪದಗಳು. ಆದ್ದರಿಂದ ಇವುಗಳನ್ನು ಲಿಪ್ಯಂತರ ಮಾಡದೆ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಹೆಸರಿನ ಮುಂದಿರುವ ‘ಶ್ರೀ’, ‘ಶ್ರೀಮತಿ’ಗಳನ್ನೂ ಗೌರವಸೂಚಕವೆಂದು ತಿಳಿಯುವಂತೆ ಪ್ರತ್ಯೇಕವಾಗಿ ಇಡಬೇಕು, ಹೆಸರಿಗೆ ಅಂಟಿಸಬಾರದು.

ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು. ಹಳೆಯ ಜನನ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದು ಸಾಮಾನ್ಯ, ಏಕೆಂದರೆ ನೋಂದಣಿಯ ಹೊತ್ತಿಗೆ ನಾಮಕರಣ ಆಗಿರುತ್ತಿರಲಿಲ್ಲ. ಅಲ್ಲಿ ಅನುವಾದಕರು ‘ಮೂಲದಲ್ಲಿ ಖಾಲಿ’ ಎಂದು ಬರೆಯಬೇಕೇ ಹೊರತು ಹೆಸರು ತುಂಬಬಾರದು. ಹೆಸರು ಸೇರಿಸುವುದಿದ್ದರೆ ಜನನ ಮರಣ ನೋಂದಣಿ ಕಾಯ್ದೆ, 1969ರ 14ನೇ ಸೆಕ್ಷನ್ ಇದೆ. ನೋಂದಣಾಧಿಕಾರಿಯ ಬಳಿ ಸೇರಿಸಿಕೊಂಡು ಹೊಸ ಪತ್ರ ಪಡೆದ ಮೇಲೆ ಅನುವಾದಕ್ಕೆ ಕೊಡಿ.

ನಿಮ್ಮ ಹೆಂಡತಿಯವರ ಹೆಸರಿಗೆ ಬರೋಣ. ಒಂದೇ ಹೆಸರು ನಮ್ಮಲ್ಲಿ ಕೊರತೆಯಲ್ಲ. ನಮ್ಮ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರನ್ನು ನಾಡು ಗುರುತಿಸುವುದು ಒಂದೇ ಪದದಿಂದ. ತೊಡಕು ಬರುವುದು ಎರಡು ಕಾಲಂಗಳ ಅರ್ಜಿಗಳಲ್ಲಿ, ಮತ್ತು ಒಂದೊಂದು ದೇಶ ಒಂದೊಂದು ರೀತಿ ಮಾಡುತ್ತದೆ. ಕೆನಡಾದ ಅರ್ಜಿಯಲ್ಲಿ SAVITHA ಎಂಬುದನ್ನು ಸರ್‌ನೇಮ್ ಜಾಗದಲ್ಲಿ ಬರೆದು ಗಿವನ್ ನೇಮ್ ಖಾಲಿ ಬಿಡಬೇಕು. ಅಮೆರಿಕದ ವೀಸಾ ಅರ್ಜಿಯಲ್ಲೂ ಒಂಟಿ ಹೆಸರು ಹೋಗುವುದು ಸರ್‌ನೇಮ್‌ಗೇ. ಆದರೆ ಅಲ್ಲಿ ಗಿವನ್ ನೇಮ್ ಜಾಗದಲ್ಲಿ FNU ಎಂದು ತುಂಬಬೇಕು. ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ ಅದು. ಹಾಗಾಗಿ ಅಮೆರಿಕದಲ್ಲಿ ಎಷ್ಟೋ ನಮ್ಮ ಹೆಣ್ಣುಮಕ್ಕಳ ವೀಸಾದ ಮೇಲೆ, ಮುಂದೆ ಅದರ ಬೆನ್ನಿಗೆ ಬರುವ ಕಾಗದಗಳ ಮೇಲೆ, FNU ಎಂಬುದೇ ಹೆಸರಾಗಿ ಕೂತಿರುತ್ತದೆ. ಈ ಮೂರಕ್ಷರ ಆ ದೇಶದ ಕಂಪ್ಯೂಟರಿನ ಖಾಲಿ ಜಾಗ ತುಂಬಲು ಮಾಡಿಕೊಂಡ ಏರ್ಪಾಡು. ಅದು ಅನುವಾದದೊಳಗೆ ಎಂದಿಗೂ ಬರಬಾರದು. ವೀಸಾದಲ್ಲಿ ಹಾಗಿದೆಯಲ್ಲ ಎಂದು ಮದುವೆ ಪತ್ರದ ಅನುವಾದದಲ್ಲೂ FNU Savitha ಎಂದು ಬರೆಸಿಕೊಂಡವರಿದ್ದಾರೆ. ಮೂಲ ಪತ್ರ ಬರೆದ ಗುಮಾಸ್ತರು ಅಂಥದ್ದೊಂದು ಪದ ಕೇಳಿಯೇ ಇರಲಿಕ್ಕಿಲ್ಲ.

ಅವರ ‘ಟಿ.’ ಬಗ್ಗೆ: ಪಾಸ್‌ಪೋರ್ಟ್‌ನಲ್ಲಿ ಇಲ್ಲವೆಂದು ಅನುವಾದದಲ್ಲಿ ಬಿಡುವಂತಿಲ್ಲ. ಇಲ್ಲದ್ದನ್ನು ಸೇರಿಸುವುದು ಎಷ್ಟು ತಪ್ಪೋ ಇದ್ದದ್ದನ್ನು ಅಳಿಸುವುದೂ ಅಷ್ಟೇ ತಪ್ಪು. Savitha T. ಎಂದೇ ಇರಲಿ, ನಿಮ್ಮ ಹೆಸರಿಗೆ ಹಾಕಿಸಿದಂಥದ್ದೇ ಟಿಪ್ಪಣಿ ಇರಲಿ, ಅವರದೂ ಒಂದು ಅಫಿಡವಿಟ್ ಇರಲಿ. ಕೆನಡಾದ ಅರ್ಜಿಯಲ್ಲಿ ‘ಬೇರೆ ಯಾವುದಾದರೂ ಹೆಸರನ್ನು ಎಂದಾದರೂ ಬಳಸಿದ್ದೀರಾ’ ಎಂಬ ಪ್ರಶ್ನೆಯಿದೆ. ಇದಕ್ಕೆ ಇಲ್ಲ ಎಂದು ಬರೆಯುವುದು ನಮ್ಮವರ ಅಭ್ಯಾಸ, ಏಕೆಂದರೆ ಇನಿಷಿಯಲ್ ಸೇರಿದ ಹೆಸರು ನಮಗೆ ಬೇರೆ ಹೆಸರಲ್ಲ. ಅವರಿಗೆ ಅದು ಬೇರೆಯೇ. ನೀವು H R MANJUNATHA ಎಂದೂ ಅವರು SAVITHA T ಎಂದೂ ಅಲ್ಲಿ ನಮೂದಿಸಿಬಿಡಿ. ಹೀಗೆ ಅರ್ಜಿ, ಅನುವಾದ, ಅಫಿಡವಿಟ್ ಮೂರೂ ಒಂದೇ ಮಾತು ಹೇಳುತ್ತವೆ.

ಒಂಟಿ ಹೆಸರಿನ ಪಾಸ್‌ಪೋರ್ಟನ್ನು ಈಗಲೇ ಬದಲಿಸಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2022ರ ನವೆಂಬರ್‌ನಲ್ಲಿ ಯುಎಇ ಆಡಳಿತ, ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವವರಿಗೆ ಭೇಟಿಯ ವೀಸಾದಲ್ಲಿ ಪ್ರವೇಶವಿಲ್ಲ ಎಂದು ವಿಮಾನ ಸಂಸ್ಥೆಗಳಿಗೆ ತಿಳಿಸಿತು. ಆಗ ದುಬೈಗೆ ಹೊರಟಿದ್ದ ಎಷ್ಟೋ ಮಂದಿ ಪೇಚಿಗೆ ಸಿಕ್ಕಿಕೊಂಡರು. ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆಗುತ್ತದೆ ಎಂಬ ಸ್ಪಷ್ಟನೆ ಆಮೇಲೆ ಬಂತು. ಇಂಥ ನಿಯಮಗಳು ಮುಂದೆಯೂ ಬದಲಾಗಬಹುದು. ನಿಮ್ಮ ಹೆಂಡತಿಯವರಿಗೆ ಮನಸ್ಸಿದ್ದರೆ, ವೈಯಕ್ತಿಕ ವಿವರಗಳ ಬದಲಾವಣೆ ಎಂಬ ಕಾರಣ ಕೊಟ್ಟು ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆ ಪಡೆಯಬಹುದು. ಸರ್‌ನೇಮ್ ಆಗಿ ನಿಮ್ಮದನ್ನೇ ತೆಗೆದುಕೊಳ್ಳಬೇಕೆಂದಿಲ್ಲ. ‘ಟಿ’ಯ ವಿಸ್ತಾರವೇ ಆದರೆ ಅವರ ಉಳಿದ ದಾಖಲೆಗಳೊಂದಿಗೆ ಹೆಚ್ಚು ಹೊಂದುತ್ತದೆ. ಮಾಡುವುದಿದ್ದರೆ ಅರ್ಜಿ ಹಾಕುವ ಮುಂಚೆ ಮಾಡಿ. ಅರ್ಜಿ ನಡೆಯುತ್ತಿರುವಾಗ ಪಾಸ್‌ಪೋರ್ಟ್ ಹೆಸರು ಬದಲಾದರೆ ಎಲ್ಲವನ್ನೂ ಹೊಸದಾಗಿ ವಿವರಿಸಬೇಕಾಗುತ್ತದೆ.

ಅನುವಾದ ಕೈಗೆ ಬಂದಾಗ ಕನ್ನಡ ಪ್ರತಿಯನ್ನು ಪಕ್ಕದಲ್ಲಿಟ್ಟು ಪ್ರತಿ ಹೆಸರಿನ ತುಂಡುಗಳನ್ನು ಎಣಿಸಿ: ಎರಡು ಇನಿಷಿಯಲ್, ಒಂದು ಹೆಸರು ಎಂದಿದ್ದರೆ ಅಲ್ಲೂ ಅಷ್ಟೇ ಇರಬೇಕು. ಆಮೇಲೆ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟು ಪೂರ್ಣವಾಗಿ ಬರೆದ ಪ್ರತಿ ಪದದ ಸ್ಪೆಲಿಂಗ್ ನೋಡಿ. ಸೀಲಿನೊಳಗಿನ, ಅಂಚಿನಲ್ಲಿ ಕೈಬರಹದಲ್ಲಿರುವ ಹೆಸರುಗಳನ್ನೂ ಬಿಡಬೇಡಿ. ಅನುವಾದಕರು ಪ್ರಮಾಣೀಕೃತರಲ್ಲದಿದ್ದರೆ, ಅನುವಾದ ನಿಖರವೆಂದು ನೋಟರಿಯ ಮುಂದೆ ಅವರದೇ ಅಫಿಡವಿಟ್ ಕೂಡ ಕೆನಡಾಕ್ಕೆ ಬೇಕು. ಅದು ನೀವು ಮಾಡುವ ಹೆಸರಿನ ಅಫಿಡವಿಟ್‌ಗಿಂತ ಬೇರೆ. ಮತ್ತು ನಿಮ್ಮ ಮನೆಯವರು, ನೆಂಟರು ಮಾಡಿದ ಅನುವಾದವನ್ನು ಅವರು ಸ್ವೀಕರಿಸುವುದಿಲ್ಲ, ಆ ನೆಂಟರು ವಕೀಲರಾಗಿದ್ದರೂ ಅನುವಾದಕರಾಗಿದ್ದರೂ ಸರಿಯೇ.